ಭೋಜನಶಾಲೆಯ ಫೋಟೋದಿಂದ ಅಕ್ಕಿಯ ಲೆಕ್ಕ

ಮದುವೆಗೋ ದೇವಸ್ಥಾನದ ಸಂತರ್ಪಣೆಗೋ ಅಡುಗೆ ಒಪ್ಪಿಸುವಾಗ, ಊಟದ ಜಾಗದ ಫೋಟೋವನ್ನು ಭಟ್ಟರ ವಾಟ್ಸಾಪ್‌ಗೆ ಕಳಿಸುವುದುಂಟು. ಆ ಚಿತ್ರದಿಂದ ತಿಳಿಯುವುದು ಒಂದೇ ಸಂಗತಿ: ಒಂದು ಪಂಕ್ತಿಗೆ ಎಷ್ಟು ಎಲೆ ಬೀಳುತ್ತದೆ ಎಂಬುದು. ಒಟ್ಟು ಎಷ್ಟು ಜನ ಉಣ್ಣುತ್ತಾರೆ ಎಂಬುದನ್ನು ಮನೆಯವರನ್ನೇ ಕೇಳಬೇಕು.

ಫೋಟೋದಲ್ಲಿ ದೂರದ ಸಾಲು ಚಿಕ್ಕದಾಗಿ ಕಾಣುವುದರಿಂದ ಕಣ್ಣಳತೆ ಮೋಸ ಮಾಡುತ್ತದೆ. ಅದಕ್ಕೆ ನೆಲದ ಟೈಲ್ಸ್ ಎಣಿಸುವುದು ಒಳ್ಳೆಯದು. ಎರಡಡಿಯ ಟೈಲ್ಸ್ ಆಗಿದ್ದರೆ ಒಂದು ಟೈಲ್ಸ್‌ಗೆ ಒಂದು ಎಲೆ, ಏಕೆಂದರೆ ನೆಲದ ಮೇಲೆ ಕೂರುವ ಒಬ್ಬರಿಗೆ ಸುಮಾರು ಎರಡಡಿ ಬೇಕು. ಟೈಲ್ಸಿನ ಅಳತೆಯನ್ನು ಮಾತ್ರ ಸ್ಥಳದಲ್ಲಿದ್ದವರಿಂದ ಖಚಿತ ಮಾಡಿಕೊಳ್ಳಬೇಕು.

ಒಂದು ಉದಾಹರಣೆ ನೋಡೋಣ. ಗೋಡೆಯುದ್ದಕ್ಕೂ 34 ಟೈಲ್ಸ್ ಇವೆ. ಬಡಿಸುವವರ ಓಡಾಟಕ್ಕೆ ಎರಡೂ ತುದಿಯಲ್ಲಿ ಎರಡೆರಡು ಬಿಟ್ಟರೆ ಸಾಲಿಗೆ 30 ಎಲೆ, ನಾಲ್ಕು ಸಾಲಿಗೆ 120. ಕಂಬಗಳು ನಾಲ್ಕು ಎಲೆಯ ಜಾಗ ತಿಂದರೆ 116 ಉಳಿಯುತ್ತದೆ. ಮನೆಯವರು ಹೇಳಿದ ಪ್ರಕಾರ ಎರಡು ಪಂಕ್ತಿ ತುಂಬಿ, ಮೂರನೆಯದು ಅರ್ಧವಾಗುತ್ತದೆ. ಅಲ್ಲಿಗೆ 290 ಎಲೆ. ಬಡಿಸುವವರು, ಅಡುಗೆಯವರು ಹತ್ತು ಜನ ಸೇರಿ 300.

ಪಲ್ಯ, ಕೋಸಂಬರಿ, ಪಾಯಸ ಇರುವ ಊಟಕ್ಕೆ ತಲೆಗೆ 110 ಗ್ರಾಂ ಅಕ್ಕಿ ಹಿಡಿದರೆ 33 ಕಿಲೋ ಆಯಿತು. ಹೋಳಿಗೆ, ಚಿತ್ರಾನ್ನವೂ ಇದ್ದರೆ 90 ಗ್ರಾಂ ಸಾಕು. ಬರೀ ಅನ್ನ, ಸಾರು, ಪಾಯಸದ ಸಂತರ್ಪಣೆಯಾದರೆ 150 ಗ್ರಾಂವರೆಗೂ ಬೇಕಾಗಬಹುದು. ಹುಳಿ ತಲೆಗೆ 150 ಮಿಲೀನಂತೆ 45 ಲೀಟರ್. ಅದಕ್ಕೆ ತೊಗರಿಬೇಳೆ ಸುಮಾರು ಏಳೂವರೆ ಕಿಲೋ.

ಹೆಚ್ಚಾಗಿ ಲೆಕ್ಕ ತಪ್ಪುವುದು ಬೇರೆ ಫೋಟೋ ಬಂದಾಗ. ಮಂಟಪದೆದುರಿನ 500 ಕುರ್ಚಿ ತೋರಿಸುವ ಚಿತ್ರದಲ್ಲಿ ಮುಹೂರ್ತಕ್ಕೆ ಬಂದವರ ಜಾಗ ಕಾಣುತ್ತದೆಯೇ ಹೊರತು ಎಲೆಯ ಸಾಲಲ್ಲ. ಒಂದೇ ಮೂಲೆಯಿಂದ ತೆಗೆದ ಚಿತ್ರದಲ್ಲಿ ಕಂಬದ ಹಿಂದಿನ ಜಾಗ ಮರೆಯಾಗುತ್ತದೆ. ಆದ್ದರಿಂದ ಎದುರುಬದುರಿನ ಎರಡು ಮೂಲೆಗಳಿಂದ ಫೋಟೋ ತೆಗೆಸಬೇಕು.

ಇಷ್ಟಾದರೂ ಮೂರನೆಯ ಪಂಕ್ತಿ ಅಂದಾಜೇ. ಬೇಳೆ ಬೇಯಿಸಿ, ಮಸಾಲೆ ರುಬ್ಬಿ ಹುಳಿಯನ್ನು ಮತ್ತೆ ಮಾಡಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಅದನ್ನು ಐದು ಲೀಟರ್ ಹೆಚ್ಚಿಗೆ, ಒಂದೇ ಸಲಕ್ಕೆ ಮಾಡಿಡಬೇಕು. ಅನ್ನ ಹಾಗಲ್ಲ. ಎಸರು ಕುದಿಯುತ್ತಿದ್ದರೆ ಅರ್ಧ ಗಂಟೆಯೊಳಗೆ ಇನ್ನೊಂದು ಹಂಡೆ ಇಳಿಸಬಹುದು. ಮೊದಲು 22 ಕಿಲೋ ಬೇಯಿಸಿ, 11 ಕಿಲೋ ಅಕ್ಕಿಯನ್ನು ಅಳೆದು ಪಕ್ಕಕ್ಕಿಡಿ. ಮೊದಲ ಪಂಕ್ತಿ ಏಳುವಾಗ ಹಂಡೆ ನೋಡಿ. 116 ಎಲೆಗೆ ಸುಮಾರು 13 ಕಿಲೋ ಅಕ್ಕಿಯ ಅನ್ನ ಮುಗಿದಿರಬೇಕು. ಅದಕ್ಕಿಂತ ಹೆಚ್ಚು ಖಾಲಿಯಾಗಿದ್ದರೆ ಉಳಿದ ಅಕ್ಕಿಯನ್ನು ತಕ್ಷಣ ಎಸರಿಗೆ ಹಾಕಿ, ಇನ್ನಷ್ಟು ಅಕ್ಕಿ ತರಿಸಿ. ಕಡಿಮೆಯಾಗಿದ್ದರೆ ಬಾಗಿಲ ಬಳಿ ಕಾಯುವವರನ್ನು ಎಣಿಸಿ, ಬೇಕಾದಷ್ಟನ್ನೇ ಬೇಯಿಸಿ.