ಓಡಲು ಬರುತ್ತಿತ್ತು, ನಿಲ್ಲಲು ಬರುತ್ತಿರಲಿಲ್ಲ

ಪಾಲಾರಿವಟ್ಟಂ ಮೆಟ್ರೊ ನಿಲ್ದಾಣದಿಂದ ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ. ಮುಂದಿನ ನಿಲ್ದಾಣವೇ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳು ನಡೆದದ್ದು ಅಲ್ಲಿಯೇ. ಬ್ಲಾಸ್ಟರ್ಸ್ ಪಂದ್ಯವಿದ್ದ ಸಂಜೆ ಇಡೀ ರಸ್ತೆ ಹಳದಿಯಾಗುತ್ತದೆ. ಇಂಥ ಊರಿನಲ್ಲಿ ಬೆಳೆಯುವ ಹುಡುಗ ಕ್ರಿಕೆಟ್ ಬ್ಯಾಟು ಬಿಟ್ಟು ಫುಟ್‌ಬಾಲ್ ಹಿಡಿದರೆ ಆಶ್ಚರ್ಯವೇನಿಲ್ಲ. ಏಳನೇ ತರಗತಿಯ ನನ್ನ ಮಗನೂ ಹಿಡಿದ. ಆದರೆ ಕಳೆದ ವರ್ಷ ಶಾಲಾ ತಂಡದ ಆಯ್ಕೆಯಲ್ಲಿ ಅವನ ಹೆಸರು ಬರಲಿಲ್ಲ.

ಅವನು ತಂಡದಲ್ಲೇ ವೇಗದ ಓಟಗಾರ. ಆದರೂ ಎದುರಾಳಿ ಚೆಂಡನ್ನು ಎಡಕ್ಕೆ ಎಳೆದರೆ ಇವನು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ, ಆಮೇಲೆ ತಿರುಗುತ್ತಿದ್ದ. ಅಷ್ಟರಲ್ಲಿ ಚೆಂಡು ಪೆನಾಲ್ಟಿ ಬಾಕ್ಸ್ ಸೇರಿರುತ್ತಿತ್ತು.

ನಾನು ಎಂಜಿನಿಯರ್ ಬುದ್ಧಿ ಓಡಿಸಿದೆ. ಹನ್ನೆರಡು ಕೋನ್ ತಂದು ಅಪಾರ್ಟ್‌ಮೆಂಟ್ ಅಂಗಳದಲ್ಲಿ ಅರ್ಧ ಮೀಟರ್‌ಗೊಂದರಂತೆ ಸಾಲಾಗಿ ಇಟ್ಟೆ. ಎರಡೇ ವಾರದಲ್ಲಿ ಮಗ ಅವುಗಳ ನಡುವೆ ನೀರಿನಂತೆ ಹರಿಯತೊಡಗಿದ. ಮೈದಾನದಲ್ಲಿ ಮಾತ್ರ ಅದೇ ನಾಲ್ಕು ಹೆಜ್ಜೆ. ಅವನ ಶಾಲೆಯ ವ್ಯಾಯಾಮ ಶಿಕ್ಷಕರಿಗೆ ವಿಡಿಯೊ ತೋರಿಸಿದೆ. ಎಲ್ಲರೂ ಅವರನ್ನು ‘ಮಾಷ್’ ಎನ್ನುತ್ತಾರೆ. ಅವರು ನಕ್ಕು, “ಸಾರ್, ನೀವು ಕುಣಿಯಲು ಕಲಿಸಿದ್ದೀರಿ. ಬ್ರೇಕ್ ಹಾಕಲು ಯಾವಾಗ ಕಲಿಸುತ್ತೀರಿ?” ಎಂದರು.

ಅವರು ಹೇಳಿದ್ದು ಸರಿ. ಅರ್ಧ ಮೀಟರ್ ಅಂತರದಲ್ಲಿ ಯಾರೂ ವೇಗ ಪಡೆಯುವುದೇ ಇಲ್ಲ. ವೇಗವೇ ಇಲ್ಲದಿದ್ದರೆ ನಿಲ್ಲಿಸುವುದೇನನ್ನು? ನಮ್ಮೂರ ಖೋ ಖೋ ನೆನಪಾಯಿತು. ಕಂಬದ ಹತ್ತಿರ ಪೂರ್ತಿ ವೇಗದಲ್ಲಿ ಬಂದು, ಸೊಂಟ ತಗ್ಗಿಸಿ, ಕಂಬ ಹಿಡಿದು ತಿರುಗುತ್ತಿದ್ದೆವು. ಫುಟ್‌ಬಾಲಿನಲ್ಲಿ ಹಿಡಿಯಲು ಕಂಬವಿಲ್ಲ, ಆ ಕೆಲಸವನ್ನೂ ಕಾಲೇ ಮಾಡಬೇಕು.

ತೊಂದರೆ ಓಟದಲ್ಲಿದೆಯೋ ತಿರುವಿನಲ್ಲಿದೆಯೋ ಎಂದು ಬೇರ್ಪಡಿಸಲು ಮಾಷ್ ‘505’ ಎಂಬ ಪರೀಕ್ಷೆ ಮಾಡಿಸಿದರು. ಮೂರು ಗೆರೆ ಸಾಕು. ಮೊದಲ ಗೆರೆಯಿಂದ ಹೊರಟು ಹತ್ತು ಮೀಟರ್ ಓಡಿದರೆ ಎರಡನೆಯದು, ಇನ್ನೈದು ಮೀಟರ್ ಹೋದರೆ ಮೂರನೆಯದು. ಅಲ್ಲಿ ಒಂದು ಕಾಲೂರಿ ಹಿಂದಕ್ಕೆ ತಿರುಗಿ ಓಡಬೇಕು. ಎರಡನೇ ಗೆರೆ ದಾಟಿದ ಕ್ಷಣದಿಂದ ಮರಳಿ ಅದನ್ನೇ ದಾಟುವವರೆಗಿನ ಸಮಯವನ್ನು, ಅಂದರೆ ಐದು ಹೋಗಿ ಐದು ಬಂದ ಸಮಯವನ್ನು, ಅಳೆಯಬೇಕು. ಬೇರೆಯಾಗಿ ನಿಂತಲ್ಲಿಂದ ನೇರ ಹತ್ತು ಮೀಟರ್ ಓಟವನ್ನೂ ಅಳೆಯಬೇಕು. ಎರಡರಲ್ಲೂ ದೂರ ಹತ್ತೇ ಮೀಟರ್. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ತಿರುವಿಗೆ ತೆತ್ತ ಬೆಲೆ.

ಕೈಗಡಿಯಾರದ ಸ್ಟಾಪ್‌ವಾಚ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಹುಡುಕುತ್ತಿರುವ ವ್ಯತ್ಯಾಸವೇ ಒಂದೆರಡು ದಶಾಂಶ ಸೆಕೆಂಡ್, ಬೆರಳು ತಡವಾಗುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಫೋನನ್ನು ಗೆರೆಯ ನೇರಕ್ಕೆ ಇಟ್ಟು, ಸೆಕೆಂಡಿಗೆ 240 ಫ್ರೇಮ್‌ಗಳ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ, ಸೊಂಟ ಗೆರೆ ದಾಟುವ ಫ್ರೇಮುಗಳನ್ನು ಎಣಿಸಿದೆ.

ಮಗನ ನೇರ ಓಟ 504 ಫ್ರೇಮ್, ಅಂದರೆ 2.10 ಸೆಕೆಂಡ್. ತಿರುವಿನದು 672 ಫ್ರೇಮ್, 2.80 ಸೆಕೆಂಡ್. ಬೆಲೆ 0.70. ಆಯ್ಕೆಯಾಗಿದ್ದ ಅವನ ಗೆಳೆಯನ ನೇರ ಓಟ 2.25, ತಿರುವಿನದು 2.75. ಬೆಲೆ 0.50 ಮಾತ್ರ. ನೇರ ಓಟದಲ್ಲಿ ಹಿಂದಿದ್ದ ಹುಡುಗ ತಿರುವಿನಲ್ಲಿ ನನ್ನ ಮಗನನ್ನು ದಾಟುತ್ತಿದ್ದ. ಇದರಲ್ಲಿ ಒಂದು ಅನ್ಯಾಯವೂ ಇದೆ. ಶೇ 20ರಷ್ಟು ವೇಗ ಹೆಚ್ಚಿದ್ದರೆ ನಿಲ್ಲಿಸಬೇಕಾದ ಶಕ್ತಿ ಶೇ 44ರಷ್ಟು ಹೆಚ್ಚು, ಏಕೆಂದರೆ ಅದು ವೇಗದ ವರ್ಗದೊಂದಿಗೆ ಏರುತ್ತದೆ. ಆದ್ದರಿಂದ ಈ ಅಂಕಿಯನ್ನು ಬೇರೆಯವರೊಂದಿಗೆ ಹೋಲಿಸುವುದಕ್ಕಿಂತ ಅದೇ ಮಗುವಿನ ಹಿಂದಿನ ಅಂಕಿಯೊಂದಿಗೆ ಹೋಲಿಸುವುದು ಒಳ್ಳೆಯದು. ಗೆರೆಗೆ ಮೊದಲೇ ನಿಧಾನಿಸಿ ಅಂಕಿ ಚೆನ್ನಾಗಿ ಕಾಣಿಸುವ ಮಕ್ಕಳೂ ಇದ್ದಾರೆ. ವಿಡಿಯೊದಲ್ಲಿ ಅದು ಸಿಕ್ಕಿಬೀಳುತ್ತದೆ.

ಫ್ರೇಮು ಫ್ರೇಮಾಗಿ ನೋಡಿದಾಗ ಕಾರಣವೂ ತಿಳಿಯಿತು. ಚೆನ್ನಾಗಿ ತಿರುಗುವವರು ಕೊನೆಯ ಹೆಜ್ಜೆಗಿಂತ ಒಂದು ಹೆಜ್ಜೆ ಮೊದಲೇ ಬ್ರೇಕ್ ಹಾಕುತ್ತಾರೆ. ಆ ಹೆಜ್ಜೆಯಲ್ಲಿ ಹಿಮ್ಮಡಿ ಮೈಗಿಂತ ಮುಂದೆ ಊರಿ, ಮಂಡಿ ಮಡಿಸಿ, ಸೊಂಟ ತಗ್ಗುತ್ತದೆ. ಕೊನೆಯ ಹೆಜ್ಜೆಗೆ ಉಳಿಯುವ ಕೆಲಸ ತಳ್ಳುವುದು ಮಾತ್ರ. ನನ್ನ ಮಗ ನೆಟ್ಟಗೆ ನಿಂತೇ ಬಂದು ಎಲ್ಲ ಭಾರವನ್ನೂ ಕೊನೆಯ ಕಾಲಿನ ಮೇಲೆ ಹೇರುತ್ತಿದ್ದ. ಎದುರಿನಿಂದ ತೆಗೆದ ವಿಡಿಯೊದಲ್ಲಿ ಅವನ ಮಂಡಿ ಒಳಕ್ಕೆ ಕುಸಿಯುತ್ತಿತ್ತು. ನನಗೆ ಭಯ ಹುಟ್ಟಿಸಿದ್ದು ಅದು. ಫುಟ್‌ಬಾಲ್ ಆಟಗಾರರ ಮಂಡಿಯ ಲಿಗಮೆಂಟ್ ಹರಿಯುವ ಸಂದರ್ಭಗಳಲ್ಲಿ ಈ ಭಂಗಿ ಮತ್ತೆ ಮತ್ತೆ ಕಾಣುತ್ತದೆ. ಆಯ್ಕೆಯ ವಿಚಾರ ಅಂದು ನನ್ನ ತಲೆಯಿಂದ ಇಳಿದುಹೋಯಿತು.

ಮಾಷ್ ಕೊಟ್ಟ ಕ್ರಮ ಸರಳ. ಮೊದಲ ಎರಡು ವಾರ ತಿರುವೇ ಇಲ್ಲ. ಎಂಟು ಮೀಟರ್ ಓಡಿ ಕೋನ್ ಬಳಿ ಮೂರು ಹೆಜ್ಜೆಯೊಳಗೆ ನಿಲ್ಲಬೇಕು, ಮಂಡಿ ಪಾದದ ನೇರದಲ್ಲಿರಬೇಕು. ಮುಂದಿನ ಎರಡು ವಾರ ಐದೈದು ಮೀಟರ್ ಅಂತರದ ಕೋನ್‌ಗಳಲ್ಲಿ 45 ಡಿಗ್ರಿ, ನಂತರ 90 ಡಿಗ್ರಿ ತಿರುವು. ಕೊನೆಯ ಎರಡು ವಾರ ಪೂರ್ತಿ ಹಿಂತಿರುವು. ಎಡಗಾಲಿಗೆ ನಾಲ್ಕು, ಬಲಗಾಲಿಗೆ ನಾಲ್ಕು ಓಟ, ಪ್ರತಿ ಓಟದ ನಂತರ ಒಂದು ನಿಮಿಷ ವಿಶ್ರಾಂತಿ, ವಾರಕ್ಕೆ ಎರಡು ದಿನ. ಏದುಸಿರು ಬಿಡುವಾಗ ಮಾಡಿದರೆ ಕಾಲು ಕೆಟ್ಟ ಭಂಗಿಯನ್ನೇ ಕಲಿಯುತ್ತದೆ. ಕೋನ್ ಮುಟ್ಟಲು ಬಗ್ಗಿಸಬಾರದು, ಬೆನ್ನು ಬಾಗಿ ಸಮತೋಲನ ಹೋಗುತ್ತದೆ. ಎತ್ತರದ ಕೋನ್ ಬದಲು ಚಪ್ಪಟೆ ತಟ್ಟೆಯಂಥವು ವಾಸಿ, ತುಳಿದರೂ ಕಾಲು ಉಳುಕುವ ಸಂಭವ ಕಡಿಮೆ. ಜೂನ್ ಮಳೆಯಲ್ಲಿ ಅಂಗಳದ ಟೈಲ್ಸ್ ಮೇಲೆ ಈ ಅಭ್ಯಾಸ ಬೇಡವೇ ಬೇಡ. ನಾವು ಟರ್ಫ್‌ಗೆ ಹೋದೆವು.

ಮೂರನೇ ವಾರ ಮಗ ಮಂಡಿಚಿಪ್ಪಿನ ಕೆಳಗೆ ನೋವೆಂದ. ಆ ಮೂಳೆಯ ಉಬ್ಬನ್ನು ಒತ್ತಿದರೆ ಮುಖ ಹಿಂಡುತ್ತಿದ್ದ. ದಿಢೀರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ ಇದು ಸಾಮಾನ್ಯ, ಸಹಿಸಿಕೊಂಡು ಓಡಿಸುವ ನೋವಲ್ಲ ಎಂದರು ವೈದ್ಯರು. ಹತ್ತು ದಿನ ನಿಲ್ಲಿಸಿ, ಆಮೇಲೆ ಓಟದ ಸಂಖ್ಯೆ ಅರ್ಧಕ್ಕಿಳಿಸಿ ಮುಂದುವರಿಸಿದೆವು.

ಎಲ್ಲ ಮುಗಿದ ಮೇಲೆ ಮತ್ತೆ ಎಣಿಸಿದೆ. ನೇರ ಓಟ 2.08, ತಿರುವಿನದು 2.65. ಬೆಲೆ 0.70ರಿಂದ 0.57ಕ್ಕೆ ಇಳಿದಿತ್ತು. ಪರೀಕ್ಷೆ ಅಭ್ಯಾಸವಾದ ಪಾಲೂ ಅದರಲ್ಲಿರಬಹುದು. ಎದುರಿನ ವಿಡಿಯೊದಲ್ಲಿ ಮಂಡಿ ಪಾದದ ಮೇಲೆಯೇ ನಿಂತಿದ್ದು ನನಗೆ ಆ ಅಂಕಿಗಿಂತ ದೊಡ್ಡದು.

ಆದರೂ ಕೋನ್ ಓಡುವುದಿಲ್ಲ, ಎದುರಾಳಿ ಓಡುತ್ತಾನೆ. ಎಲ್ಲಿ ತಿರುಗಬೇಕೆಂದು ಮೊದಲೇ ಗೊತ್ತಿದ್ದರೆ ಅದು ಅರ್ಧ ಪಾಠ. ಈಗ ಮಾಷ್ ಕೆಂಪು, ಹಳದಿ ಎರಡು ಕೋನ್ ಇಟ್ಟು, ಮಗ ಓಡಿ ಬರುವಾಗ ಕೊನೆಯ ಕ್ಷಣದಲ್ಲಿ ಒಂದರ ಕಡೆ ಕೈ ತೋರಿಸುತ್ತಾರೆ. ಅದು ರೂಢಿಯಾದ ಮೇಲೆ ಕೈಯ ಬದಲು ಚೆಂಡಿನೊಂದಿಗೆ ಗೆಳೆಯನೇ ಎದುರು ಬರುತ್ತಾನೆ.

ಕಳೆದ ಭಾನುವಾರ ಟರ್ಫ್‌ನಲ್ಲಿ ಅದೇ ಗೆಳೆಯ ಚೆಂಡನ್ನು ಎಡಕ್ಕೆ ಎಳೆದ. ಮಗ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿದ. ಚೆಂಡು ಸಿಗಲಿಲ್ಲ. ಮನೆಗೆ ನಡೆಯುವಾಗ, “ಅಪ್ಪಾ, ಮೊದಲು ನಾಲ್ಕು ಹೆಜ್ಜೆ ಹೋಗ್ತಿದ್ದೆ ಅಲ್ವಾ?” ಎಂದ. ಅವನೂ ಎಣಿಸುತ್ತಿದ್ದಾನೆಂದು ನನಗೆ ಅಂದೇ ಗೊತ್ತಾಗಿದ್ದು.