ಸೋಫಾ ಬಾಗಿಲು ದಾಟೀತೇ?

ಸೋಫಾ ಕೊಳ್ಳುವ ಮುಂಚೆ ನಾವು ಟೇಪು ಹಿಡಿಯುವುದು ಹಾಲ್‌ನ ಗೋಡೆಗೆ. ಒಂಬತ್ತಡಿ ಗೋಡೆ, ಏಳಡಿ ಸೋಫಾ, ಪಕ್ಕದಲ್ಲೊಂದು ಸಣ್ಣ ಟೀಪಾಯಿಗೂ ಜಾಗ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಮೊಬೈಲಿನಲ್ಲೇ ಆರ್ಡರ್ ಮಾಡಿಬಿಡುತ್ತೇವೆ. ಆ ಗೋಡೆಯ ತನಕ ಸೋಫಾ ಯಾವ ದಾರಿಯಲ್ಲಿ ಬರಬೇಕು ಎಂಬ ಪ್ರಶ್ನೆ ಏಳುವುದು ಸಾಮಾನು ತಂದವರು ಲಿಫ್ಟಿನ ಮುಂದೆ ನಿಂತು, ‘ಇದು ಒಳಗೆ ಹೋಗಲ್ಲ ಸಾರ್’ ಎಂದಾಗ.

ಮಂಚ, ವಾರ್ಡ್‌ರೋಬುಗಳಲ್ಲಿ ಈ ಪೇಚು ಕಡಿಮೆ. ಆನ್‌ಲೈನಿನಲ್ಲಿ ಸಿಗುವ ಹೆಚ್ಚಿನವು ಹಲಗೆ ಹಲಗೆಯಾಗಿ ಪೆಟ್ಟಿಗೆಯಲ್ಲಿ ಬರುತ್ತವೆ, ಕೋಣೆಯಲ್ಲೇ ಜೋಡಿಸುತ್ತಾರೆ. ಆದರೆ ಮೂರು ಜನ ಕೂರುವ ಸೋಫಾದ ಮರದ ಚೌಕಟ್ಟು ಸಾಮಾನ್ಯವಾಗಿ ಒಂದೇ ತುಂಡು. ಅದು ಮಡಚುವುದಿಲ್ಲ, ಬಗ್ಗುವುದಿಲ್ಲ. ಆದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಸಾಗಿಸಿ ನೋಡೋಣ.

ನಮ್ಮ ಸೋಫಾದ ಉದ್ದ 84 ಇಂಚು, ಆಳ 36 ಇಂಚು, ಎತ್ತರ 34 ಇಂಚು. ಬಾಗಿಲು ದಾಟುವಾಗ ಉದ್ದ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಉದ್ದದ ದಿಕ್ಕಿನಲ್ಲೇ ಅದನ್ನು ಒಳಗೆ ತಳ್ಳುತ್ತಾರೆ. ಲೆಕ್ಕಕ್ಕೆ ಬರುವುದು ಉಳಿದೆರಡು ಅಳತೆ. ಅದರಲ್ಲೂ ಚಿಕ್ಕದು ಯಾವುದೋ ಅದು ಬಾಗಿಲಿನ ಅಗಲಕ್ಕಿಂತ ಕಡಿಮೆ ಇರಬೇಕು. ಇಲ್ಲಿ ಅದು 34. ಹೀಗಾಗಿ ಮಾರುವವರ ಪುಟದಲ್ಲಿ ಮೊದಲು ಹುಡುಕಬೇಕಾದ ಮಾತು ಕಾಲು ಬಿಚ್ಚಲು ಬರುತ್ತದೆಯೇ ಎಂಬುದು. ಐದಿಂಚಿನ ಕಾಲುಗಳನ್ನು ತಿರುಪಿ ತೆಗೆದರೆ 34 ಇದ್ದದ್ದು 29 ಆಗುತ್ತದೆ. ಮುಂದಿನ ಕಥೆಯೆಲ್ಲ ಈ ಐದಿಂಚಿನ ಮೇಲೆ ನಿಂತಿದೆ. ರಟ್ಟಿನ ಪೆಟ್ಟಿಗೆ, ಥರ್ಮಾಕೋಲು ಸೇರಿದರೆ ಅಳತೆ ಇನ್ನಷ್ಟು ಹಿಗ್ಗುವುದರಿಂದ ಪೆಟ್ಟಿಗೆಯನ್ನು ಕೆಳಗೇ ಬಿಚ್ಚಿಸುವುದು ಒಳ್ಳೆಯದು.

ಮೊದಲ ಪರೀಕ್ಷೆ ಲಿಫ್ಟು. ಎಂಟು ಜನರ ಲಿಫ್ಟಿನ ಬಾಗಿಲು ಪೂರ್ತಿ ತೆರೆದಾಗ ಸಿಗುವ ಅಗಲ ಹಲವು ಕಟ್ಟಡಗಳಲ್ಲಿ ಸುಮಾರು 800 ಮಿಲಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು. ನಮ್ಮ ಕಟ್ಟಡದಲ್ಲೂ ಅಷ್ಟೇ ಎಂದುಕೊಳ್ಳಿ. ಬಾಗಿಲಿನ ಎತ್ತರ 79 ಇಂಚು, ಒಳಗಿನ ಆಳ 43 ಇಂಚು, ಒಳಗೆ ನೆಲದಿಂದ ಚಾವಣಿಗೆ 87 ಇಂಚು. ಕಾಲು ತೆಗೆದ ಸೋಫಾ 29 ಇಂಚು, ಆದ್ದರಿಂದ ಅಗಲದ ತಕರಾರಿಲ್ಲ. ಅದನ್ನು ತುದಿಯ ಮೇಲೆ ನಿಲ್ಲಿಸಿದರೆ 84 ಇಂಚು, ಚಾವಣಿ 87. ಮೂರಿಂಚು ಉಳಿಯುತ್ತದಲ್ಲ, ಹೋಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ.

ಆದರೆ ಹೋಗುವುದಿಲ್ಲ. ನೆಟ್ಟಗೆ ನಿಂತ ಸೋಫಾ 79 ಇಂಚಿನ ಬಾಗಿಲ ಕೆಳಗೆ ತೂರದು. ಓರೆ ಮಾಡಿ ತಲೆಯ ಕಡೆ ಒಳಗೆ ಹಾಕಿ, ಆಮೇಲೆ ಮೇಲೆತ್ತಿ ನಿಲ್ಲಿಸಬೇಕು. ಓರೆಯಾದ ಪೆಟ್ಟಿಗೆ ನೆಟ್ಟಗಿನ ಪೆಟ್ಟಿಗೆಗಿಂತ ಹೆಚ್ಚು ಎತ್ತರ ಕೇಳುತ್ತದೆ. ಎಷ್ಟು ಎಂಬುದನ್ನು ಶಾಲೆಯಲ್ಲಿ ಕಲಿತ ಕರ್ಣದ ಲೆಕ್ಕ ಹೇಳುತ್ತದೆ. 84ರ ವರ್ಗ 7056, 36ರ ವರ್ಗ 1296, ಕೂಡಿದರೆ 8352, ಅದರ ವರ್ಗಮೂಲ 91 ಇಂಚಿಗೆ ತುಸು ಜಾಸ್ತಿ. ಚಾವಣಿ ಇರುವುದು 87ರಲ್ಲಿ. ಅಂದರೆ ಸೋಫಾ ಅರ್ಧ ಎದ್ದಿರುವಾಗಲೇ ಅದರ ಮೂಲೆ ಲಿಫ್ಟಿನ ಚಾವಣಿಗೋ ದೀಪಕ್ಕೋ ತಾಗಿ ನಿಂತುಬಿಡುತ್ತದೆ. ಲೆಕ್ಕ ಬೇಡವೆನ್ನುವವರು ನೆಲದ ಮೇಲೆ ಸೀಮೆಸುಣ್ಣದಲ್ಲಿ 84 ಮತ್ತು 36 ಇಂಚಿನ ಆಯತ ಎಳೆದು, ಎದುರುಬದುರು ಮೂಲೆಗಳಿಗೆ ಟೇಪು ಹಿಡಿದರೂ ಇದೇ ಉತ್ತರ ಸಿಗುತ್ತದೆ. ದೊಡ್ಡ ಸಾಮಾನು ಸಿಕ್ಕಿಕೊಳ್ಳುವುದು ನೇರ ದಾರಿಗಿಂತ ಹೆಚ್ಚಾಗಿ ಅದನ್ನು ಎತ್ತಿ ತಿರುಗಿಸುವ ಜಾಗದಲ್ಲಿ.

ಇನ್ನು ಉಳಿದದ್ದು ಮೆಟ್ಟಿಲು. ಇಲ್ಲಿ ಗೋಡೆಯಿಂದ ಗೋಡೆಗೆ ಅಳೆದರೆ ತಪ್ಪು ಲೆಕ್ಕ ಬರುತ್ತದೆ. ಗೋಡೆಯಿಂದ ರೇಲಿಂಗಿನ ಒಳಬದಿಗೆ ಅಳೆಯಬೇಕು, ಅದೂ ಅತಿ ಕಿರಿದಾದ ಕಡೆ. ನಮ್ಮ ಕಟ್ಟಡದಲ್ಲಿ ಅದು 38 ಇಂಚು. ಹೊರುವವರ ಬೆರಳು ಗೋಡೆಗೆ ಉಜ್ಜದಿರಲು ಎರಡೂ ಕಡೆ ಎರಡೆರಡು ಇಂಚು ಬಿಟ್ಟರೆ 29 ಇಂಚಿನ ಸೋಫಾಗೆ 33 ಸಾಕು. ಮೆಟ್ಟಿಲು ತಿರುಗುವ ಲ್ಯಾಂಡಿಂಗ್‌ನಲ್ಲಿ ಮಾತ್ರ ಮತ್ತೆ ಅದೇ ಕರ್ಣದ ಪ್ರಶ್ನೆ ಬರುತ್ತದೆ. ಅಲ್ಲಿ ಸೋಫಾವನ್ನು ತುದಿಯ ಮೇಲೆ ಎತ್ತಿ ನಿಲ್ಲಿಸಿ, ಪಕ್ಕಕ್ಕೆ ಸರಿಸಿ, ಮುಂದಿನ ಸಾಲು ಮೆಟ್ಟಿಲಿನ ಕಡೆಗೆ ವಾಲಿಸುತ್ತಾರೆ. ಅದಕ್ಕೆ ಲ್ಯಾಂಡಿಂಗ್ 36 ಇಂಚಿಗಿಂತ ಆಳ ಇರಬೇಕು, ತಲೆಯ ಮೇಲೆ 91 ಇಂಚಿಗಿಂತ ಹೆಚ್ಚು ಖಾಲಿ ಇರಬೇಕು. ಎತ್ತರವನ್ನು ಚಾವಣಿಗೆ ಅಳೆಯದೆ ಮೇಲಿನ ತೊಲೆಯ ತಳಕ್ಕೆ ಅಳೆಯಿರಿ, ಮೊದಲು ತಾಗುವುದು ಅದೇ. ಇಲ್ಲಿ ಆಳ 42, ತೊಲೆಯ ತನಕ 98 ಇಂಚು. ಲಿಫ್ಟಿನಲ್ಲಿ ಸೋತ ಸೋಫಾ ಮೆಟ್ಟಿಲಲ್ಲಿ ಗೆದ್ದಿತು. ಲ್ಯಾಂಡಿಂಗ್‌ನಲ್ಲಿ ಶೂ ಸ್ಟ್ಯಾಂಡು, ಹೂಕುಂಡ, ಸೈಕಲ್ಲು ಇದ್ದರೆ ಅವನ್ನು ಆ ದಿನದ ಮಟ್ಟಿಗೆ ತೆಗೆಸಬೇಕು.

ಕೊನೆಯದು ನಮ್ಮದೇ ಮುಂಬಾಗಿಲು. ಮೂರೂವರೆ ಅಡಿ ಬಾಗಿಲು ಎಂದು ಬಿಲ್ಡರ್ ಹೇಳಿದ 42 ಇಂಚಿನಲ್ಲಿ ಚೌಕಟ್ಟಿನ ಮರವೂ ಸೇರಿರಬಹುದು. ಬಾಗಿಲು ತೆರೆದು ನಿಂತಾಗ ಅದರ ದಪ್ಪವೂ ದಾರಿಗೆ ಚಾಚಿರುತ್ತದೆ. ಹೊರಗೆ ಜಾಲರಿಯ ಸೇಫ್ಟಿ ಡೋರ್ ಇದ್ದರೆ ಅದೂ ಒಂದೆರಡು ಇಂಚು ತಿನ್ನುತ್ತದೆ. ಹಾಗಾಗಿ ಎರಡೂ ಬಾಗಿಲು ಪೂರ್ತಿ ತೆರೆದಿಟ್ಟು, ನಡುವೆ ಉಳಿಯುವ ಬರಿ ಜಾಗವನ್ನು ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ಸಿಕ್ಕಿದ್ದು 34 ಇಂಚು. ಕಾಲು ಬಿಚ್ಚಲು ಬಾರದ ಸೋಫಾ ಆಗಿದ್ದರೆ ಮೂರು ಮಹಡಿ ಹತ್ತಿ ಬಂದು ಹೊಸ್ತಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. 29 ಇಂಚಿನದು ಸಲೀಸಾಗಿ ಒಳಗೆ ಬಂತು.

ಇದು ಬಾಗಿಲಿನ ಎದುರು ನೇರ ಜಾಗ ಇರುವ ಮನೆಯ ಮಾತು. ಒಳಗೆ ಕಾಲಿಟ್ಟ ಕೂಡಲೇ ನಾಲ್ಕಡಿ ದೂರದಲ್ಲಿ ಗೋಡೆ ಎದುರಾದರೆ ಏಳಡಿ ಸೋಫಾ ಅಲ್ಲಿ ತಿರುಗಬೇಕಾಗುತ್ತದೆ. ಸಂಖ್ಯೆಗಳಿಂದ ಇದನ್ನು ಊಹಿಸುವುದು ಕಷ್ಟ, ಹಳೆ ಪೇಪರಿನಿಂದ ತಿಳಿಯುವುದು ಸುಲಭ. ಪೇಪರು ಅಂಟಿಸಿ 84 ಮತ್ತು 29 ಇಂಚಿನ ಹಾಳೆ ಮಾಡಿ, ಹೊರಗಿನ ಕಾರಿಡಾರಿನಿಂದ ಒಳಗೆ ನೆಲದ ಮೇಲೇ ಜಾರಿಸುತ್ತಾ ಬನ್ನಿ. ಮಡಚದೆ ತಿರುಗಿದರೆ ಸೋಫಾ ಕೂಡ ತಿರುಗುತ್ತದೆ.

ಲೆಕ್ಕ ಕೂಡಿಬರದಿದ್ದರೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆಸುವ ಯೋಚನೆ ಬರುತ್ತದೆ. ಬಾಲ್ಕನಿಗೆ ಗ್ರಿಲ್ ಹಾಕಿಸಿದ್ದರೆ ಆ ದಾರಿಯೂ ಮುಚ್ಚಿತು. ಇಲ್ಲದಿದ್ದರೂ ಅದಕ್ಕೆ ಬೇರೆ ಕೂಲಿ, ಬೇರೆ ಜನ ಬೇಕು, ಕೆಳಗೆ ಓಡಾಡುವವರಿಗೂ ಅಪಾಯ. ಅದಕ್ಕಿಂತ ಎರಡು ಮೂರು ತುಂಡಾಗಿ ಬಂದು ಒಳಗೆ ಜೋಡಿಸುವ ಸೋಫಾ ಆರಿಸುವುದೇ ವಾಸಿ.

ದುಡ್ಡು ಕಟ್ಟುವ ಮೊದಲು ಮಾರುವವರಿಗೆ ಮೂರು ಪ್ರಶ್ನೆ ಬರವಣಿಗೆಯಲ್ಲೇ ಕೇಳಿ: ಕಾಲು ಬಿಚ್ಚಲು ಬರುತ್ತದೆಯೇ, ಮೆಟ್ಟಿಲು ಹತ್ತಿಸಿ ಒಳಗೆ ಇಟ್ಟುಕೊಡುತ್ತೀರಾ, ಬಾಗಿಲು ದಾಟದಿದ್ದರೆ ವಾಪಸ್ ತೆಗೆದುಕೊಳ್ಳುವ ಖರ್ಚು ಯಾರದು. ಲಿಫ್ಟು, ಲ್ಯಾಂಡಿಂಗ್, ಬಾಗಿಲು ಇವುಗಳಲ್ಲಿ ಅತಿ ಬಿಗಿಯಾದ ಕಡೆಯೂ ಎರಡಿಂಚು ಮಿಗದಿದ್ದರೆ, ಎಷ್ಟೇ ಇಷ್ಟವಾಗಿದ್ದರೂ ಆ ಸೋಫಾ ನಿಮ್ಮ ಮನೆಗಲ್ಲ.