ಕುಂಡದ ದಾಳಿಂಬೆ: ಉದುರುವ ಹೂ, ಬಿರಿಯುವ ಹಣ್ಣು

ತಾರಸಿಯಲ್ಲಿ ದಾಳಿಂಬೆ ಬೆಳೆಸುವವರನ್ನು ಮೊದಲು ಕಂಗೆಡಿಸುವುದು ಕುಂಡದ ಸುತ್ತ ಬಿದ್ದ ಕೆಂಪು ಹೂಗಳ ರಾಶಿ. ಗುಡಿಸಿ ಎಸೆಯುವ ಮುನ್ನ ಒಂದೆರಡನ್ನು ಕೈಗೆತ್ತಿಕೊಂಡು ಬುಡ ನೋಡಿ. ತೊಟ್ಟಿನ ಕಡೆಗೆ ಚೂಪಾಗಿ ಗಂಟೆಯ ಆಕಾರದಲ್ಲಿದ್ದರೆ ಅದು ಗಂಡು ಹೂ. ಅದಕ್ಕೆ ಕಾಯಿ ಕಟ್ಟುವ ಶಕ್ತಿಯೇ ಇಲ್ಲ, ಉದುರಲೇಬೇಕು. ಬುಡ ಉಬ್ಬಿ ಹೂಜಿಯಂತಿದ್ದು, ಶಲಾಕೆಯ ತುದಿ ಕೇಸರಗಳ ಮಟ್ಟಕ್ಕೆ ಅಥವಾ ಅದಕ್ಕೂ ಮೇಲೆ ಬಂದಿರುವ ಹೂವಷ್ಟೇ ಹಣ್ಣಾಗುತ್ತದೆ. ಒಂದೇ ಗಿಡದಲ್ಲಿ ಎರಡೂ ಬಗೆಯ ಹೂ ಇರುತ್ತವೆ.

ಹೂಜಿ ಹೂಗಳೇ ಬೀಳುತ್ತಿದ್ದರೆ ಮಾತ್ರ ಕಾರಣ ಹುಡುಕಬೇಕು. ಗಿಡ ಕಡುಹಸಿರಾಗಿ ಉದ್ದುದ್ದ ಚಿಗುರು ಬಿಡುತ್ತಿದ್ದರೆ ಯೂರಿಯಾ ಅಥವಾ ಹಿಂಡಿ ಹೆಚ್ಚಾಗಿದೆ ಎಂದರ್ಥ. ಮಧ್ಯಾಹ್ನಕ್ಕೇ ಎಲೆ ಜೋಲುತ್ತಿದ್ದರೆ ಬೇರಿಗೆ ನೀರು ಸಾಲುತ್ತಿಲ್ಲ. ಏಳೆಂಟನೇ ಮಹಡಿಗೆ ಜೇನ್ನೊಣ ಬರುವುದು ಕಡಿಮೆ. ಅಲ್ಲಿ ಬೆಳಗಿನ ಹೊತ್ತು ಮೆತ್ತನೆಯ ಬ್ರಶ್ಶಿನಿಂದ ಗಂಡು ಹೂವಿನ ಪರಾಗ ತೆಗೆದು ಹೂಜಿ ಹೂವಿನ ಶಲಾಕೆಗೆ ಸವರಿದರೆ ಕಾಯಿ ನಿಲ್ಲುತ್ತದೆ.

ಹಣ್ಣು ಬಿರಿಯುವುದು ಬೇರೆಯೇ ಕತೆ, ಅದು ಹೆಚ್ಚಾಗಿ ನೀರಿನ ಏರುಪೇರಿನ ಕತೆ. ಮಣ್ಣು ಒಣಗಿದಾಗ ಸಿಪ್ಪೆ ಬಿಗಿದು ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ನೀರು ಬಿದ್ದರೆ ಒಳಗಿನ ಕಾಳು ಉಬ್ಬುತ್ತವೆ, ಸಿಪ್ಪೆ ಜಾಗ ಕೊಡಲಾರದೆ ಸೀಳುತ್ತದೆ. ಹೊಲದ ಗಿಡದ ಬೇರು ಆಳಕ್ಕೆ ಹೋಗಿ ತೇವ ಹುಡುಕೀತು. ಕುಂಡದ್ದಕ್ಕೆ ಆ ದಾರಿಯಿಲ್ಲ. ಎರಡು ದಿನ ಮರೆತು ಮೂರನೇ ದಿನ ಬಕೆಟ್ ಸುರಿಯುವವರ ಮನೆಯಲ್ಲಿ ಹಣ್ಣು ಬಿರಿಯದಿದ್ದರೇ ಆಶ್ಚರ್ಯ.

ಸೀಳು ಯಾವಾಗ, ಹೇಗೆ ಬಿತ್ತೆಂಬುದರಲ್ಲೂ ಸುಳಿವಿದೆ. ಬಲಿತ ಹಣ್ಣು ಮಳೆಯ ಮರುದಿನ ಬಾಯಿಬಿಟ್ಟರೆ ನೀರೇ ಕಾರಣ. ಇರುವೆ, ಬೂಸ್ಟು ಸೇರುವ ಮೊದಲು ಕಿತ್ತು ಅಂದೇ ತಿನ್ನಬಹುದು. ಎಳೆಗಾಯಿಗಳೇ ಬಿರಿದರೆ ಬೋರಾನ್ ಕೊರತೆಯೂ ಇರಬಹುದು. ಕಾಯಿ ಕಟ್ಟಿದ ಮೇಲೆ ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ ಲೀಟರಿಗೆ 2 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ. ಕಪ್ಪು ಚುಕ್ಕೆಯಿಂದ ಶುರುವಾಗಿ ಕವಲೊಡೆದ ಬಿರುಕು ಕಂಡರೆ ಮಾತ್ರ ಎಚ್ಚರ. ಅದು ದುಂಡಾಣು ಅಂಗಮಾರಿ ಇರಬಹುದು. ಅಂಥ ಹಣ್ಣು, ರೆಂಬೆಗಳನ್ನು ಕತ್ತರಿಸಿ ಸುಡಬೇಕು, ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸಬೇಕು.

ಬೆಂಗಳೂರಿನ ತಾರಸಿಯ ಒಂದು ಭಗವಾ ಗಿಡವನ್ನೇ ತೆಗೆದುಕೊಳ್ಳಿ. ಸುಮಾರು 80 ಲೀಟರಿನ, ತಳದಲ್ಲಿ ತೂತುಗಳಿರುವ ಕುಂಡ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು. ತುಂಬಿದ ಮೇಲೆ ಅಲುಗಿಸುವುದು ಕಷ್ಟ, ಆದ್ದರಿಂದ ಮೊದಲೇ ಚಕ್ರದ ಹಲಗೆಯ ಮೇಲಿಡಬೇಕು. ರೈತರು ಅಂಬೆ, ಮೃಗ, ಹಸ್ತ ಎಂದು ಮೂರು ಬಹಾರ್ ಹೇಳುತ್ತಾರೆ. ನನ್ನ ಮಟ್ಟಿಗೆ ಇಲ್ಲಿನ ತಾರಸಿಗೆ ಹಸ್ತವೇ ವಾಸಿ. ಹಿಂಗಾರು ಮಳೆಯ ಆಸುಪಾಸಿನಲ್ಲಿ ಹೂ ಬಂದರೆ ಐದಾರು ತಿಂಗಳಿಗೆ, ಅಂದರೆ ಒಣ ಬೇಸಿಗೆಯಲ್ಲಿ ಹಣ್ಣು ಮಾಗುತ್ತದೆ. ಆಗ ಮಳೆ ಬರುವುದು ಅಪರೂಪ, ನೀರು ನಿಮ್ಮ ಕೈಯಲ್ಲೇ ಇರುತ್ತದೆ.

ಎರಡು ವರ್ಷ ದಾಟಿದ ಗಿಡವನ್ನು ಆಗಸ್ಟ್ ಕೊನೆಗೆ ಸಜ್ಜೆಯ ಕೆಳಗೆ ತಳ್ಳಿ, ನೀರು ಕಡಿಮೆ ಮಾಡುತ್ತಾ ಬನ್ನಿ. ಹೊಲದಲ್ಲಿ ಇದಕ್ಕೆ ತಿಂಗಳಿಗೂ ಹೆಚ್ಚು ಬೇಕು, ಕುಂಡದಲ್ಲಿ ಬೇಗ ಆಗುತ್ತದೆ. ಎಲೆ ಹಳದಿಯಾಗಿ ಅರ್ಧದಷ್ಟು ಉದುರಿದರೆ ಸಾಕು. ರೆಂಬೆಯ ತುದಿ ಸುಕ್ಕುಗಟ್ಟುವವರೆಗೆ ಕಾಯುವುದು ಅಪಾಯ. ಈಗ ಚಾಟನಿ.

ಹೂ ಬರುವುದು ಬಲಿತ ರೆಂಬೆಯಿಂದ ಹೊರಡುವ ಗಿಡ್ಡ ಹೊಸ ಚಿಗುರುಗಳ ತುದಿಯಲ್ಲಿ. ಆದ್ದರಿಂದ ಬೇಲಿಗಿಡದಂತೆ ಮೇಲಿನಿಂದ ಸಮನಾಗಿ ಕತ್ತರಿಸಿದರೆ ಆ ವರ್ಷದ ಫಸಲಿಗೇ ಕತ್ತರಿ ಬಿದ್ದಂತೆ. ಬುಡದಿಂದ ಮೂರು ಕಾಂಡ ಉಳಿಸಿ, ಮಿಕ್ಕ ಬುಡದ ಚಿಗುರುಗಳನ್ನು ಎಳೆಯದಿದ್ದಾಗಲೇ ಬೇರಿನ ಹತ್ತಿರದಿಂದ ಕಿತ್ತು ಹಾಕಿ. ಒಳಮುಖವಾಗಿ ಬೆಳೆದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಹುಟ್ಟಿದ ಜಾಗದಲ್ಲೇ ತೆಗೆಯಿರಿ. ಉಳಿದವುಗಳ ತುದಿಯಲ್ಲಿ ಗೇಣುದ್ದ ಮಾತ್ರ ಮೊಟಕು ಮಾಡಿ, ಹೊರಮುಖದ ಮೊಗ್ಗಿನ ಮೇಲೆ ಕತ್ತರಿಸಿ. ಹೀಗೆ ಗಿಡ ಎದೆಯೆತ್ತರದಲ್ಲೇ ನಿಲ್ಲುತ್ತದೆ, ಒಳಗೆ ಬಿಸಿಲೂ ಗಾಳಿಯೂ ಆಡುತ್ತವೆ. ಬಳಿಕ ಗೊಬ್ಬರ ಹಾಕಿ ನೀರು ಶುರು ಮಾಡಿದರೆ ತಿಂಗಳು, ಒಂದೂವರೆ ತಿಂಗಳಲ್ಲಿ ಮೊಗ್ಗು ಕಾಣುತ್ತವೆ.

ಕಾಯಿ ನಿಂತ ಮೇಲೆ ಗೊಂಚಲಿಗೆ ಒಂದನ್ನೇ ಬಿಡಿ. ಎರಡು ಕಾಯಿ ತಾಗುವೆಡೆಯಲ್ಲಿ ಕೊರಕ ಹುಳು ಸೇರುತ್ತದೆ. ಬುಡಕ್ಕೆ ಮೂರು ಬೆರಳು ದಪ್ಪ ತರಗೆಲೆ ಹೊದಿಸಿ. ಎರಡಂಗುಲ ಬೆರಳಿಳಿಸಿದಾಗ ಮಣ್ಣು ಒಣಗಿದ್ದರೆ ನೀರು, ಇಲ್ಲದಿದ್ದರೆ ಬೇಡ. ಏಪ್ರಿಲ್‌ನಲ್ಲಿ ಅಕಾಲ ಮಳೆಯ ಮೋಡ ಕಂಡರೆ ಕುಂಡವನ್ನು ಮತ್ತೆ ಸಜ್ಜೆಯಡಿಗೆ ತಳ್ಳುವುದು ಲೇಸು. ಹಣ್ಣಿನ ಮೈ ದುಂಡಗಿನಿಂದ ಸ್ವಲ್ಪ ಮೂಲೆಮೂಲೆಯಾಗಿ, ತಟ್ಟಿದಾಗ ಲೋಹದ ಸದ್ದು ಬಂದರೆ ಕೊಯ್ಯಲು ಹೊತ್ತಾಗಿದೆ, ಇನ್ನೂ ಕೆಂಪಾಗಲಿ ಎಂದು ಗಿಡದಲ್ಲೇ ಬಿಡುವುದು ಬೇಡ.